ಕಡಲೆ: ನೆನೆಸಬೇಕೋ, ಮೊಳಕೆ ಕಟ್ಟಬೇಕೋ, ಹುರಿಯಬೇಕೋ

ನಮ್ಮ ಕಲಬುರಗಿ ಕಡೆ ಕಡಲೆ ರಾಶಿ ಮುಗಿದು ಚೀಲ ಮನೆಗೆ ಬರೋದು, ಬಿಸಿಲು ಏರೋದು ಹೆಚ್ಚುಕಡಿಮೆ ಒಟ್ಟಿಗೇ. ಹೊಸ ಸೊಸೆಯಂದಿರು ಫೋನ್ ಮಾಡಿ ಕೇಳೋದೂ ಆಗಲೇ: ಮೊಳಕೆ ಕಾಳು ಯಾಕೆ ಅಂಟಂಟಾಗುತ್ತೆ ಅತ್ತೆ, ಉಸುಳಿ ತಿಂದರೆ ಹೊಟ್ಟೆ ಯಾಕೆ ಉಬ್ಬುತ್ತೆ ಅಂತ. ಅರ್ಧ ಕಿಲೋ ಕಡಲೆ ತಗೊಂಡು ಹೇಳ್ತೀನಿ.

ರಾತ್ರಿ ಕಾಳು ತೊಳೆದು, ಮೂರು ಪಟ್ಟು ನೀರು ಹಾಕಿ ನೆನೆಯಲು ಬಿಡಿ. ಬೋಗೋಣಿ ದೊಡ್ಡದಿರಲಿ, ಬೆಳಗಾಗುವಷ್ಟರಲ್ಲಿ ಅರ್ಧ ಕಿಲೋ ಹೋಗಿ ಒಂದು ಕಿಲೋ ಹತ್ತಿರ ಆಗಿರುತ್ತದೆ. ಎಂಟು ತಾಸು ಸಾಕು. ಸುಡು ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ ಹೊರಗಿಟ್ಟರೆ ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಶುರುವಾಗುತ್ತದೆ. ನೆನೆಸಿದ ನೀರು ಚೆಲ್ಲಿಬಿಡಿ, ಸತ್ವ ಹೋಗುತ್ತೆ ಅಂತ ಅದರಲ್ಲೇ ಬೇಯಿಸಬೇಡಿ. ಕಾಳಿನೊಳಗೆ ನಮ್ಮ ಹೊಟ್ಟೆಗೆ ಕರಗದ ಒಂದು ಜಾತಿಯ ಸಕ್ಕರೆ ಇರುತ್ತದೆ, ವಾಯು ಮಾಡೋದು ಅದೇ. ಅದು ಸ್ವಲ್ಪ ಮಟ್ಟಿಗೆ ಆ ನೀರಿಗೆ ಇಳಿದಿರುತ್ತದೆ. ಹೊಸ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಹೊಡೆಸಿದರೆ ಕಾಳು ಒಳಗೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಎಷ್ಟು ಸೀಟಿ ಹೊಡೆಸಿದರೂ ಸಿಪ್ಪೆ ಬಿರುಸಾಗೇ ಉಳಿಯುತ್ತದೆ. ಹಾಗಾದರೆ ನೆನೆಸೋ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಬೇಯಿಸಲು ಕುಡಿಯೋ ನೀರು ಬಳಸಿ. ನೆನೆಸಿದ ಹಸಿ ಕಾಳು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಅದೂ ದಿನಕ್ಕೊಮ್ಮೆ ನೀರು ಬದಲಿಸಿದರೆ.

ಈಗ ಮೊಳಕೆ. ನೆನೆದ ಕಾಳಿನಲ್ಲಿ ಅರ್ಧ ತೆಗೆದು, ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜರಡಿಯ ಮೇಲಿಡಿ. ಡಬ್ಬಿಯಲ್ಲಿ ಮುಚ್ಚಿಡಬೇಡಿ, ಕಾಳಿಗೆ ಗಾಳಿ ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದಲ್ವಾ, ಆಗ ಕಾಳು ಮೊಳೆಯೋಕೆ ಮೊದಲೇ ಕೊಳೆಯುತ್ತದೆ. ಅದಕ್ಕೆ ಗಂಟನ್ನು ನೀರಿನ ಗಡಿಗೆ ಪಕ್ಕ, ನೆಲದ ಮೇಲೆ, ತಂಪಿರೋ ಮೂಲೆಯಲ್ಲಿಡಿ. ಬೆಳಿಗ್ಗೆ ಸಂಜೆ ಬಿಚ್ಚಿ ತಣ್ಣೀರಲ್ಲಿ ತೊಳೆದು ಮತ್ತೆ ಕಟ್ಟಿ. ಮುಟ್ಟಿದರೆ ಕೈಗೆ ಲೋಳೆ ಹತ್ತಿದರೆ, ಹುಳಿ ವಾಸನೆ ಬಂದರೆ ಚೆಲ್ಲಿ. ತೊಳೆದು ಉಳಿಸಿಕೊಳ್ಳೋಣ ಅನ್ನಬೇಡಿ. ನೀರೇ ಕುಡಿಯದ ಗಟ್ಟಿ ಕಾಳು ಕೆಲವು ಇದ್ದೇ ಇರುತ್ತವೆ, ಹಳೇ ಚೀಲದ್ದಾದರೆ ಇನ್ನೂ ಹೆಚ್ಚು. ಅವನ್ನು ಮೊದಲೇ ಆರಿಸಿ ತೆಗೆಯಿರಿ, ಹಲ್ಲಿಗೆ ಕೆಟ್ಟದು.

ಮೊಳಕೆ ಅರ್ಧ ಬೆರಳು ಉದ್ದ ಆಗೋ ತನಕ ಕಾಯಬೇಡಿ, ರುಚಿ ಕಹಿಯಾಗುತ್ತದೆ. ಕಾಳಿನ ತುದಿಯಲ್ಲಿ ಬಿಳಿ ಮೊನೆ ಚೆನ್ನಾಗಿ ಕಂಡರೆ ಸಾಕು. ಆಗ ಕಡಿದರೆ ಕರುಂ ಅನ್ನುತ್ತದೆ, ಸ್ವಲ್ಪ ಸಿಹಿ ಇರುತ್ತದೆ. ಮೊಳೆಯುವಾಗ ಕಾಳು ಆ ವಾಯು ಮಾಡೋ ಸಕ್ಕರೆಯನ್ನು ತಾನೇ ತಿಂದು ಬೆಳೆಯುತ್ತದೆ, ಅದಕ್ಕೇ ಬರೀ ನೆನೆಸಿದ್ದಕ್ಕಿಂತ ಇದು ಹೊಟ್ಟೆಗೆ ಹಗುರ. ಆದರೆ ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿ ಮಾಡೋ ಅಂಶ ಇನ್ನೂ ಉಳಿದಿರುತ್ತದೆ, ಬೆಚ್ಚಗೆ ಒದ್ದೆಯಾಗಿದ್ದ ಕಾಳಲ್ಲಿ ಕ್ರಿಮಿಗಳೂ ಬೆಳೆಯುತ್ತವೆ. ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಹಸಿಯಾಗಿ ಕೊಡಲೇಬೇಡಿ. ಚೆನ್ನಾಗಿ ಬೇಯಿಸಿ, ಒಗ್ಗರಣೆಗೆ ಜೀರಿಗೆ, ಇಂಗು ಹಾಕಿ ಉಸುಳಿ ಮಾಡಿ. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ, ನೀರ ಪಸೆ ಇಲ್ಲದಂತೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ. ಕರೆಂಟು ಹೋಗಿ ಬಂದು ಮಾಡೋ ಊರಾದರೆ ಒಂದೇ ದಿನ ಅಂತ ಇಟ್ಟುಕೊಳ್ಳಿ.

ಹುರಿದದ್ದರ ಲೆಕ್ಕವೇ ಬೇರೆ. ಒಣ ಕಡಲೆಗೆ ಉಪ್ಪು, ಅರಿಶಿಣದ ನೀರು ಚಿಮುಕಿಸಿ ಅರ್ಧ ತಾಸು ಮುಚ್ಚಿಡಿ. ಕಬ್ಬಿಣದ ಕಡಾಯಿಯಲ್ಲಿ ತೊಳೆದು ಒಣಗಿಸಿದ ಉಸುಕು ಇಲ್ಲವೇ ಕಲ್ಲುಪ್ಪು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಕಾಳು ಹಾಕಿ ಬಿಡದೆ ಕೈಯಾಡಿಸಿ. ಚಟಪಟ ಅಂದು ಸಿಪ್ಪೆ ಬಿರಿದ ಕೂಡಲೇ ಜರಡಿಗೆ ಸುರಿಯಿರಿ. ಉಸುಕು ಕಾಯದಿದ್ದರೆ ಕಾಳು ಬಿರಿಯೋದಿಲ್ಲ, ಒಳಗೆ ಕಲ್ಲಾಗುತ್ತದೆ. ಸರಿಯಾಗಿ ಹುರಿದದ್ದು ಹಲ್ಲಿಗೆ ಪುಡಿಯಾಗುತ್ತದೆ. ಕಾವಿಗೆ ಆ ಅಡ್ಡಿ ಮಾಡೋ ಅಂಶ ಕಮ್ಮಿಯಾಗುತ್ತದೆ ನಿಜ, ಆದರೆ ನೀರಿಗೆ ಇಳಿದು ಹೋಗೋ ದಾರಿಯೇ ಇಲ್ಲದ್ದರಿಂದ ವಾಯುವಿನ ಸಕ್ಕರೆ ಬಹುತೇಕ ಒಳಗೇ ಉಳಿಯುತ್ತದೆ. ಒಂದು ಹಿಡಿ ತಿಂದರೆ ಏನೂ ಆಗೋದಿಲ್ಲ, ಮಾತಾಡ್ತಾ ಬಟ್ಟಲುಗಟ್ಟಲೆ ತಿಂದರೆ ಹೊಟ್ಟೆ ಉಬ್ಬುತ್ತದೆ, ಬಾಯಾರಿಕೆಯೂ ಆಗುತ್ತದೆ. ಹಲ್ಲಿಲ್ಲದವರಿಗೆ ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿ ಕೊಡಿ.

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದರೆ ತಿಂಗಳು, ಎರಡು ತಿಂಗಳು ನಿಶ್ಚಿಂತೆ. ಬಿಸಿ ಇದ್ದಾಗಲೇ ತುಂಬಿದರೆ ಮುಚ್ಚಳದ ಒಳಗೆ ಬೆವರಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಮೆತ್ತಗಾಗಿದ್ದರೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಸಿ ಮಾಡಿ, ಮತ್ತೆ ಗರಿಗರಿ. ಆದರೆ ಡಬ್ಬಿ ತೆಗೆದ ಕೂಡಲೇ ಹಳೇ ಎಣ್ಣೆಯ ಮುಗ್ಗಲು ವಾಸನೆ ಬಂದರೆ ಬಿಸಿ ಮಾಡಿ ಉಪಯೋಗ ಇಲ್ಲ, ಅದನ್ನು ಎಸೆಯೋದೇ ಸರಿ.