ಹನ್ನೊಂದು ಸಲ ಕಂಡ ಒಂದೇ ತಪ್ಪು

ಬೆಂದೂರಿನ ನಿವೃತ್ತ ಟೀಚರೊಬ್ಬರು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಲೇಸಿನ ಕಾಲರ್ ಒಂದನ್ನೂ ಲೇಸ್ ಅಂಚಿನ ಮೇಜುಹಾಸನ್ನೂ ದುರಸ್ತಿಗೆ ತಂದರು. “ಎರಡೂ ಕೈಯಲ್ಲಿ ಮಾಡಿದ್ದೇ ಮಾರಾಯರೇ, ಅಜ್ಜಿ ಹೇಳುತ್ತಿದ್ದರು” ಎಂದರು. ಅಜ್ಜಿಯರ ಮಾತಿನ ಮೇಲೆ ನಾನು ದರ ಹೇಳುವುದಿಲ್ಲ. ಕೈಯ ಬಾಬಿನ್ ಲೇಸಾದರೆ, ಅಂದರೆ ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ ಪುಟ್ಟ ಉರುಳೆಗಳ ದಾರದಿಂದ ಹೆಣೆದದ್ದಾದರೆ, ಹರಿದಲ್ಲಿ ಎಳೆ ಹೋದ ದಾರಿಯಲ್ಲೇ ಮತ್ತೆ ಹೆಣೆಯಬೇಕು. ಯಂತ್ರದ್ದಾದರೆ ಸೂಜಿಯಲ್ಲಿ ಹಿಡಿದು ಹೊಲಿದರೆ ಸಾಕು.

ಹಳೆಯ ಗಂಜಿ ಇದ್ದರೆ ಎಳೆಗಳು ಅಂಟಿಕೊಂಡು ಏನೂ ಕಾಣುವುದಿಲ್ಲ. ಹಾಗಾಗಿ ಮೊದಲು ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಣಗಿಸಿ, ಕಪ್ಪು ಬಟ್ಟೆಯ ಮೇಲೆ ಹರಡಿದೆ. ನೋಡಲು ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಗಾಜು.

ಕಾಲರ್ ಕುತ್ತಿಗೆಯ ಸುತ್ತಿಗೆ ಸರಿಯಾಗಿ ಬಾಗಿತ್ತು. ಬಾಗಿದ ಮಾತ್ರಕ್ಕೆ ಕೈಯದ್ದಾಗುವುದಿಲ್ಲ; ಬಟ್ಟೆಯ ಮೇಲೆ ಯಂತ್ರದಲ್ಲಿ ಕಸೂತಿ ಹಾಕಿ, ಆಮೇಲೆ ಆ ಬಟ್ಟೆಯನ್ನೇ ಕರಗಿಸಿ ತೆಗೆದ ಲೇಸೂ ಹೀಗೆಯೇ ಬಾಗಿರುತ್ತದೆ. ಅದರಲ್ಲಿ ಹೊಲಿಗೆಗಳು ಒಂದರ ಮೇಲೊಂದು ರಾಶಿ ಬಿದ್ದಿರುತ್ತವೆ, ಒಂದು ಎಳೆಯ ಬೆನ್ನು ಹತ್ತಲು ಆಗುವುದೇ ಇಲ್ಲ. ನಾನು ಮೊಂಡು ಸೂಜಿಯ ತುದಿಯಿಂದ ಒಂದು ಎಳೆಯನ್ನು ಹಿಡಿದೆ. ಅದು ಉಳಿದ ಎಳೆಗಳ ಮೇಲೆ ಕೆಳಗೆ ನುಸುಳುತ್ತಾ ಅಂಚಿಗೆ ಬಂದು, ಗುಂಡುಸೂಜಿ ಚುಚ್ಚಿದ್ದ ತೂತನ್ನು ಬಳಸಿ, ಹಿಂದಿರುಗಿತು. ಕುತ್ತಿಗೆಯ ಕಡೆ ಆ ತೂತುಗಳು ಒತ್ತಾಗಿ, ಹೊರಗಡೆ ವಿರಳವಾಗಿದ್ದವು. ಹಿಂಬದಿಯಲ್ಲಿ, ದಾರ ಮುಗಿದಾಗ ಹೊಸದನ್ನು ಸೇರಿಸಿದ ಎರಡು ಗಂಟುಗಳು ಬೇರೆ. ಕಾಲರ್ ಕೈಯದ್ದೇ.

ಮೇಜುಹಾಸು ನನ್ನನ್ನು ಸತಾಯಿಸಿತು. ಅಲ್ಲಿಯೂ ಎಳೆಯ ದಾರಿ ಸಿಕ್ಕಿತು, ನಾಲ್ಕೆಳೆಯ ಜಡೆಯೂ ಇತ್ತು. ಆದರೆ ಜರ್ಮನಿಯ ಬಾರ್ಮೆನ್ ಪಟ್ಟಣದ ಹೆಸರಿನ ಯಂತ್ರ ದಾರದ ಉರುಳೆಗಳನ್ನು ವೃತ್ತಾಕಾರದಲ್ಲಿ ಓಡಿಸಿ ನಿಜವಾಗಿಯೇ ಹೆಣೆಯುತ್ತದೆ; ಅದರ ಮುಂದೆ ಎಳೆಯ ಪರೀಕ್ಷೆ ಒಂದೇ ಸಾಲದು. ಒಂದು ಹೂವಿನಲ್ಲಿ ಎರಡು ಎಳೆ ದಾಟುವುದು ತಪ್ಪಿಹೋಗಿತ್ತು. ಪಾಪ, ಯಾರದೋ ಕೈ ತಪ್ಪಿದೆ ಎಂದುಕೊಂಡು ಕೈಕೆಲಸದ ದರವನ್ನೇ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಪಕ್ಕದ ಹೂವಿನಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಕಂಡಿತು. ಅಳತೆಪಟ್ಟಿ ಇಟ್ಟೆ: ನಾಲ್ಕು ಸೆಂಟಿಮೀಟರಿಗೊಮ್ಮೆ, ಒಂದು ಬದಿಯಲ್ಲೇ ಹನ್ನೊಂದು ಸಲ. ಕೈ ಎಲ್ಲಿ ಬೇಕಾದರೂ ತಪ್ಪುತ್ತದೆ, ಹೀಗೆ ಅಳೆದು ತಪ್ಪುವುದಿಲ್ಲ. ಯಂತ್ರವನ್ನು ನಡೆಸುವ ರಂಧ್ರದ ಕಾರ್ಡುಗಳಲ್ಲಿ ದೋಷವಿದ್ದರೆ ಪ್ರತಿ ಸುತ್ತಿಗೂ ಅದು ಮರಳಿ ಬರುತ್ತದೆ.

ಮೂಲೆಗಳಲ್ಲಿ ಲೇಸ್ ತಿರುಗಿರಲಿಲ್ಲ, ನೆರಿಗೆ ಹಿಡಿದು ಹೊಲಿದಿದ್ದರು. ಇದನ್ನು ನಾನು ಸಾಕ್ಷಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಯ ಲೇಸನ್ನೂ ಗಜದ ಲೆಕ್ಕದಲ್ಲಿ ಕೊಂಡು ಹೀಗೆಯೇ ಹಚ್ಚುತ್ತಿದ್ದರು. ವಿನ್ಯಾಸ ಎರಡು ಸಲವಾದರೂ ಬಾರದಷ್ಟು ಚಿಕ್ಕ ತುಂಡಾಗಿದ್ದರೆ ಈ ಲೇಸಿನ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

“ಹಾಗಾದರೆ ಅಜ್ಜಿ ಹೇಳಿದ್ದು?” ಎಂದು ಟೀಚರ್ ಕೇಳಿದರು. ಲೇಸನ್ನು ಬಟ್ಟೆಗೆ ಹಚ್ಚಿದ ಹೊಲಿಗೆಯನ್ನು ಗಾಜಿನಲ್ಲಿ ತೋರಿಸಿದೆ. ಅದು ಮಾತ್ರ ಕೈಯದ್ದು. ಮೇಜುಹಾಸು ಅಂದೇ ಸಂಜೆ ಮುಗಿಯಿತು. ಕಾಲರ್ ಇನ್ನೂ ನನ್ನ ದಿಂಬಿನ ಮೇಲಿದೆ, ಅಷ್ಟು ಸಣ್ಣ ನೂಲು ಸಿಕ್ಕಿಲ್ಲ.