ನಾಯೀನ ಬೆಕ್ಕು ಓಡಿಸ್ತು: ತಡವಾಗಿ ಮನೆ ಸೇರಿದ ಮಗುವಿನ ಮಾತು

ನಾನು ಸ್ಪೀಚ್ ಥೆರಪಿಸ್ಟ್. ಆಶ್ರಮದಿಂದ ದತ್ತು ಬಂದ ಮಕ್ಕಳ ಅಪ್ಪ ಅಮ್ಮ ನನ್ನ ಹತ್ತಿರ ಬರುವ ಹೊತ್ತಿಗೆ ಜೀನಿಯ ಕಥೆ ಓದಿ ಹೆದರಿರುತ್ತಾರೆ. 1970ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಬಳಿ ಪತ್ತೆಯಾದ 13 ವರ್ಷದ ಹುಡುಗಿ ಅವಳು. ಬಾಲ್ಯದ ಹೆಚ್ಚು ಭಾಗ ಅವಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದರು. ಆಮೇಲೆ ಪದಗಳನ್ನು ಬೇಕಾದಷ್ಟು ಕಲಿತಳು, ಆದರೆ ವಾಕ್ಯ ಕಟ್ಟುವುದು ಅವಳಿಗೆ ಸರಿಯಾಗಿ ಒಲಿಯಲೇ ಇಲ್ಲ.

ನಾನು ಅವರಿಗೆ ಇಸಬೆಲ್ ಬಗ್ಗೆ ಹೇಳುತ್ತೇನೆ. ಅವಳನ್ನೂ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರು. 1938ರಲ್ಲಿ ಅಮೆರಿಕದ ಓಹಾಯೋದಲ್ಲಿ ಸಿಕ್ಕಾಗ ಆರೂವರೆ ವರ್ಷ, ಮಾತಿಲ್ಲ. ಸುಮಾರು ಎರಡು ವರ್ಷದಲ್ಲಿ ಓರಗೆಯವರನ್ನು ಹಿಡಿದಳು. ಅವಳ ವಯಸ್ಸು ಚಿಕ್ಕದು, ನಿಜ. ಜೊತೆಗೆ ಕಿವಿ ಕೇಳದ, ಮಾತು ಬಾರದ ತಾಯಿಯೂ ಅದೇ ಕತ್ತಲೆ ಕೋಣೆಯಲ್ಲಿದ್ದಳು. ಇಬ್ಬರ ನಡುವೆ ಕೈಸನ್ನೆ ಇತ್ತು. ಜೀನಿಗೆ ಸಿಕ್ಕಿದ್ದು ಪೆಟ್ಟು ಮತ್ತು ಹಸಿವು. ಹಾಗಾಗಿ ಅವಳೊಬ್ಬಳನ್ನು ನೋಡಿ ಇಷ್ಟು ವಯಸ್ಸಾದರೆ ಮುಗೀತು ಅನ್ನೋಕಾಗಲ್ಲ.

ವಯಸ್ಸಿನ ಲೆಕ್ಕಕ್ಕೆ ನಾನು ನಂಬುವುದು ರುಮೇನಿಯಾದ ಬುಖಾರೆಸ್ಟ್ ಅಧ್ಯಯನವನ್ನು. ಅಲ್ಲಿ ಅನಾಥಾಲಯದ 136 ಮಕ್ಕಳಲ್ಲಿ ಅರ್ಧ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗೆ ಕಳಿಸಿದರು. 15 ತಿಂಗಳ ವಯಸ್ಸಿನೊಳಗೆ ಹೋದವರ ಮಾತು ಸ್ವಂತ ಮನೆಯಲ್ಲಿ ಬೆಳೆದ ಮಕ್ಕಳಷ್ಟೇ ಬೆಳೆಯಿತು. ಎರಡು ವರ್ಷ ದಾಟಿ ಹೋದವರು ತುಂಬಾ ಹಿಂದುಳಿದರು. ಸಾಕುತಾಯಿಯ ಜೊತೆ ಗಟ್ಟಿ ನಂಟು ಕೂಡುವುದೂ ಎರಡು ವರ್ಷದೊಳಗೆ ಹೋದವರಲ್ಲಿ ಜಾಸ್ತಿ.

ಮೂರೂವರೆ ವರ್ಷಕ್ಕೆ ಮನೆ ಸೇರಿದ ಒಬ್ಬ ಹುಡುಗನ ಪದಗಳನ್ನು ಮನೆಯವರು ಖುಷಿಯಿಂದ ಎಣಿಸುತ್ತಿದ್ದರು. ನಾನು ಮೊದಲು ಕಿವಿ ಪರೀಕ್ಷೆ ಮಾಡಿಸಿದೆ, ಕೇಳಿಸುತ್ತಿತ್ತು. ಆಮೇಲೆ ಎರಡು ಬೊಂಬೆ ಕೊಟ್ಟು "ನಾಯಿ ಬೆಕ್ಕನ್ನ ಓಡಿಸ್ತು, ಮಾಡಿ ತೋರಿಸು" ಅಂದೆ. ಸರಿಯಾಗಿ ಮಾಡಿದ. "ನಾಯೀನ ಬೆಕ್ಕು ಓಡಿಸ್ತು" ಅಂದಾಗಲೂ ನಾಯಿಯೇ ಓಡಿಸಿತು! ಮೊದಲು ಬಂದ ಹೆಸರಷ್ಟೇ ಅವನಿಗೆ ಸಿಗುತ್ತಿತ್ತು, 'ನ' ಪ್ರತ್ಯಯ ಸಿಗುತ್ತಿರಲಿಲ್ಲ. ಪದ ಎಣಿಸಿದರೆ ಇದು ಗೊತ್ತಾಗಲ್ಲ, ಅಲ್ವಾ? ಹೊಸ ಪದ ಕಲಿಸುವುದು ಬಿಟ್ಟು, ಯಾರು ಯಾರನ್ನ ಹಿಡಿದರು, ಯಾರು ಯಾರಿಗೆ ಕೊಟ್ಟರು ಅನ್ನೋ ಆಟವನ್ನೇ ದಿನಾ ಆಡಿಸಿದೆವು.

ನಂಟಿನ ವಿಷಯ ಬೇರೆಯೇ. ಮೊದಲ ಭೇಟಿಯಲ್ಲೇ ಸೀದಾ ಬಂದು ನನ್ನ ತೊಡೆ ಹತ್ತಿದ. "ಎಲ್ಲರ ಜೊತೆ ಹೊಂದಿಕೊಳ್ತಾನೆ" ಅಂತ ಅಜ್ಜಿಗೆ ಹೆಮ್ಮೆ. ಮೇಜಿನ ಮೂಲೆ ತಲೆಗೆ ತಾಗಿದಾಗ ಅವನು ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬರೆದುಕೊಂಡಿದ್ದು ಅದನ್ನು. ಊಟ, ಸ್ನಾನ, ಮಲಗಿಸುವುದು ಕೆಲವು ತಿಂಗಳು ಅಪ್ಪ ಅಮ್ಮ ಮಾತ್ರ ಮಾಡಲಿ, ಬಂಧುಗಳು ಆಟ ಆಡಿಸಿದರೆ ಸಾಕು ಅಂದೆ. ಅಜ್ಜಿ ಮುನಿಸಿಕೊಂಡರು.

ಈಗ ಬಿದ್ದರೆ ಅಮ್ಮನ ಹತ್ತಿರವೇ ಓಡುತ್ತಾನೆ. ಅಪರಿಚಿತರ ಕೈ ಹಿಡಿದು ಹೊರಡುವುದು ಮಾತ್ರ ಇನ್ನೂ ಇದೆ. ಬುಖಾರೆಸ್ಟಿನಲ್ಲೂ ಮನೆ ಸಿಕ್ಕ ಮೇಲೆ ಸುಲಭಕ್ಕೆ ಹೋಗದೇ ಉಳಿದದ್ದು ಇದೇ, ಅದಕ್ಕೆ ಜಾತ್ರೆ, ಮದುವೆಮನೆಯಲ್ಲಿ ಅವನ ಮೇಲೆ ಕಣ್ಣಿಡಲು ಹೇಳಿದ್ದೇನೆ. ಬೆಕ್ಕು ನಾಯಿಯ ಆಟದಲ್ಲಿ ಈಗ ತಪ್ಪುವುದಿಲ್ಲ, ಉದ್ದ ವಾಕ್ಯ ಹೇಳುವಾಗ ಪ್ರತ್ಯಯ ಇನ್ನೂ ಬಿಟ್ಟುಹೋಗುತ್ತದೆ.