ಸ್ಕ್ರೀನ್ ರೀಡರ್‌ಗೆ ದನಿ ಮತ್ತ ಸ್ಪೀಡು ನಾ ಹೆಂಗ ಆರಿಸ್ತೀನಿ (ನನ್ನ ಅನುಭವ)

ವಿಜಯಪುರದಾಗ ಕಣ್ಣು ಕಾಣದ ಹುಡುಗ್ರಿಗೆ ಕಂಪ್ಯೂಟರ್ ಕಲಿಸೋದು ನನ್ನ ಕೆಲಸ. ನಾನೂ ಕಣ್ಣು ಕಾಣದವನೇ, ದಿನಪೂರ್ತಿ ಕಂಪ್ಯೂಟರ್ ಪರದೆ ಮ್ಯಾಲಿಂದು ಓದಿ ಹೇಳೋ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಕೇಳ್ಕೋತ ಇರ್ತೀನಿ. ನಾ ಕೇಳೋ ಸ್ಪೀಡು ಬಾಜು ಕುಂತವರಿಗೆ ಬರೇ ಗುಯ್ಯ್ ಅನ್ನೋ ಸಪ್ಪಳ ಅನಿಸ್ತದ, ಹಂಗಂತ ಆ ಸ್ಪೀಡು ಹೊಸ ಹುಡುಗ್ರಿಗೆ ಹಚ್ಚೋದು ಸರಿ ಅಲ್ಲ. ಯಾವ ದನಿ ಹಾಕ್ಬೇಕು, ಸ್ಪೀಡು ಎಷ್ಟಿಡಬೇಕು ಅಂತ ಬ್ಯಾರೆ ಊರಿನ ಟೀಚರ್ಸು, ಹುಡುಗ್ರ ತಂದಿ-ತಾಯಿ ಕೇಳ್ತಿರ್ತಾರ. ಎಲ್ಲಾರಿಗೂ ಒಂದೇ ನಂಬರ್ ಹೇಳಾಕ ಬರಂಗಿಲ್ಲ. ಆದ್ರ ಆ ನಂಬರ್ ಹೆಂಗ ಹುಡುಕ್ಬೇಕು ಅನ್ನೋದು ಹೇಳಬಹುದು, ಅದಕ್ಕ ಒಬ್ಬಾಕಿ ಹುಡುಗಿದು ಪೂರಾ ಹೇಳ್ತೀನಿ.

ಇಂಡಿ ಕಡೆಯಾಕಿ, ಪಿಯುಸಿ ಸೆಕೆಂಡ್ ಇಯರ್ ಆರ್ಟ್ಸ್, ಕನ್ನಡ ಮೀಡಿಯಂ. ಅಲ್ಲೀ ತನಕ ಫೋನಿನಾಗ ಟಾಕ್‌ಬ್ಯಾಕ್ ಅನ್ನೋ ಸ್ಕ್ರೀನ್ ರೀಡರ್ ಹಚ್ಚಿ ಗೂಗಲ್‌ನ ಕನ್ನಡ ದನಿ ಕೇಳಿ ರೂಢಿ ಆಗಿದ್ದಾಕಿ. ಆ ದನಿ ಮನುಷ್ಯರ ಹಂಗ ಇರ್ತದ. ಲ್ಯಾಪ್‌ಟಾಪಿಗೆ ಬಂದು ಎನ್‌ವಿಡಿಎ ಜೋಡಿ ಬರೋ ಈಸ್ಪೀಕ್ ದನಿ ಕೇಳಿದ ಕೂಡ್ಲೇ "ಸರ್, ಈ ರೋಬೋಟ್ ದನಿ ಬ್ಯಾಡ್ರಿ, ತಲಿ ನೋವಾಗ್ತದ್ರಿ" ಅಂದ್ಲು. ಎಲ್ಲಾರೂ ಮೊದ್ಲು ಹಿಂಗೇ ಅಂತಾರ, ಅದು ಸುಳ್ಳೂ ಅಲ್ಲ. ಆದ್ರ ಈಸ್ಪೀಕ್ ಯಾಕ ಹಂಗ ಕೇಳಸ್ತದ ಅಂದ್ರ ಅದ್ರಾಗ ಮನುಷ್ಯರು ಮಾತಾಡಿದ್ದು ರೆಕಾರ್ಡ್ ಮಾಡಿ ಜೋಡಿಸಿಲ್ಲ, ಕೆಲವು ವ್ಯಂಜನದ ಸಪ್ಪಳ ಬಿಟ್ರ ದನಿ ಬಹುತೇಕ ಲೆಕ್ಕ ಹಾಕಿ ಅಲ್ಲೇ ಹುಟ್ಟಸ್ತದ. ಅದಕ್ಕ ಅದು ಭಾಳ ಸಣ್ಣ ಸಾಫ್ಟ್‌ವೇರು, ಹಳೇ ಕಂಪ್ಯೂಟರ್‌ನಾಗೂ ಕೀ ಒತ್ತಿದ ಕೂಡ್ಲೇ ಮಾತಾಡ್ತದ, ಮತ್ತ ಸ್ಪೀಡು ಏರಿಸಿದ್ರೂ ಅಕ್ಷರ ಒಂದಕ್ಕೊಂದು ಮೆತ್ತಿಕೊಳ್ಳೋದು ಕಡಿಮಿ. ಇಂಪಾದ ದನಿಗಳು ನಿಧಾನಕ್ಕ ಕೇಳಾಕ ಛಲೋ, ಆದ್ರ ಬಾಣದ ಕೀ ಒತ್ತಿ ಒತ್ತಿ ಮೆನುದಾಗ ಓಡಾಡಬೇಕಾದ್ರ ಒಂದೊಂದು ಸಲಾನೂ ಚೂರು ತಡಾ ಮಾಡ್ತಾವ, ಆ ಚೂರು ಚೂರೇ ದಿನಪೂರ್ತಿ ಕೂಡ್ತದ.

ಇನ್ನೊಂದು ವಿಷಯ ಅದ, ಇದು ಭಾಳ ಮಂದಿಗೆ ತಿಳಿದಿರಂಗಿಲ್ಲ. ವಿಂಡೋಸ್ 10 ಅಥವಾ 11ರಾಗ ಎನ್‌ವಿಡಿಎ ಹೊಸದಾಗಿ ಹಾಕಿದ್ರ ಸಾಮಾನ್ಯವಾಗಿ ವಿಂಡೋಸ್‌ದ್ದೇ ಒನ್‌ಕೋರ್ ದನಿ ಬರ್ತದ, ಅಂದ್ರ ಇಂಗ್ಲಿಷ್ ದನಿ. ಆ ದನಿಗೆ ಕನ್ನಡ ಲಿಪಿ ಬರಂಗಿಲ್ಲ, ತಪ್ಪು ಓದೋದೂ ಇಲ್ಲ, ಸುಮ್ನ ದಾಟಿ ಹೋಗ್ತದ. ಹುಡುಗ್ರು ಆ ಸಾಲು ಖಾಲಿ ಅದ ಅನ್ಕೋತಾರ. ಪೂರಾ ಕನ್ನಡ ನೋಟ್ಸ್ ಇರೋ ಫೈಲ್ ತಗದು "ಸರ್, ಫೈಲಿನಾಗ ಏನೂ ಇಲ್ರಿ, ಬರೇ ಇಸವಿ ಅದಾವ" ಅಂತ ಹೇಳಿದವರು ಅದಾರ. ಇಸವಿ, ನಂಬರ್ ಅಷ್ಟೇ ಕೇಳಿ ಬರಾಕತ್ತಿದ್ರ ತಪ್ಪು ಫೈಲಿಂದಲ್ಲ, ದನೀದು ಅಂತ ತಿಳೀಬೇಕು. NVDA ಕೀ ಅಂದ್ರ ಸಾಮಾನ್ಯವಾಗಿ Insert, NVDA+Ctrl+S ಒತ್ತಿ ಈಸ್ಪೀಕ್ ಅಂದ್ರ eSpeak NG ಆರಿಸಿ, ಆಮ್ಯಾಲೆ NVDA+Ctrl+V ಒತ್ತಿ ವಾಯ್ಸ್ ಲಿಸ್ಟಿನಾಗ ಕನ್ನಡ ಹಿಡೀಬೇಕು. ಕನ್ನಡ ದನಿ ಇಟ್ಟಾಗ ನಡುವ ಇಂಗ್ಲಿಷ್ ಶಬ್ದ ಬಂದ್ರೂ ಈಸ್ಪೀಕ್ ಅದನ್ನ ಇಂಗ್ಲಿಷಿನಾಗೇ ಓದ್ತದ, ಬಿಟ್ಟು ಹೋಗಂಗಿಲ್ಲ. ಎರಡೂ ಭಾಷೆ ಕೂಡಿದ ನೋಟ್ಸಿಗೆ ಇದೇ ದೊಡ್ಡ ಅನುಕೂಲ.

ಕನ್ನಡ ದನಿ ಇಟ್ಟ ಮ್ಯಾಲೂ ಗೊಂದಲ ಗೊಂದಲ ಇಂಗ್ಲಿಷ್ ಅಕ್ಷರ, ಚಿಹ್ನೆ ಓದಾಕತ್ತಿದ್ರ ಆ ಫೈಲು ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಾಗ ಟೈಪ್ ಮಾಡಿದ್ದು. ಅದನ್ನ ಯೂನಿಕೋಡಿಗೆ ಬದಲಾಯಿಸದ ಹೊರತು ಯಾವ ದನಿ ಹಾಕಿದ್ರೂ ಅಷ್ಟ.

ಈಗ ಸ್ಪೀಡಿಗೆ ಬರ್ತೀನಿ. ಎನ್‌ವಿಡಿಎದಾಗ ಸ್ಪೀಡು 0 ರಿಂದ 100 ರ ತನಕ ಇರ್ತದ. ಈಸ್ಪೀಕಿನಾಗ 0 ಅಂದ್ರ ನಿಮಿಷಕ್ಕ 80 ಶಬ್ದ, 100 ಅಂದ್ರ 450, ರೇಟ್ ಬೂಸ್ಟ್ ಹಚ್ಚಿದ್ರ ಅದರ ಮೂರುಪಟ್ಟು. ಆದ್ರ ಈ ಶಬ್ದದ ಲೆಕ್ಕ ಇಂಗ್ಲಿಷಿಂದು. ನಮ್ಮ ಕನ್ನಡದಾಗ "ಹೋಗಬೇಕಾಗಿತ್ತಂತೆ" ಅನ್ನೋದು ಒಂದೇ ಶಬ್ದ, ಅದ್ರಾಗ ಇಂಗ್ಲಿಷಿನ ನಾಕೈದು ಶಬ್ದ ಕುಂತಿರ್ತಾವ. ಅದಕ್ಕ ಯಾರರೇ "ನಿಮಿಷಕ್ಕ ಇಷ್ಟು ಶಬ್ದ ಕೇಳಿಸ್ರಿ" ಅಂದ್ರ ನಾ ಅದನ್ನ ಕನ್ನಡಕ್ಕ ಹಚ್ಚಂಗಿಲ್ಲ, ಹುಡುಗಿ ಕಿವಿನೇ ಕೇಳ್ತೀನಿ.

ಕೇಳೋದು ಹೆಂಗ ಅಂದ್ರ ಡಿಕ್ಟೇಶನ್. ಕನ್ನಡದಾಗ ಒಂದು ಹ್ರಸ್ವ ದೀರ್ಘ ಆದ್ರ, ಒಂದು ಒತ್ತು ಬಿದ್ರ, ಲ ಹೋಗಿ ಳ ಆದ್ರ ಅರ್ಥಾನೇ ಬದಲಾಗ್ತದ. ಸ್ಪೀಡು ಏರಿಸಿದಾಗ ಮೊದ್ಲು ಸಾಯೋದು ಇವೇ. ಅದಕ್ಕ ಇಂಥಾ ಜೋಡಿ ಶಬ್ದ ಬರದು ಒಂದು ಫೈಲ್ ಮಾಡಿ ಇಟ್ಟೀನಿ: ಬೆಳೆ–ಬೇಳೆ, ಮನ–ಮಾನ, ಹಳಿ–ಹಳ್ಳಿ, ಕಾಲು–ಕಾಳು, ಹುಲಿ–ಹುಳಿ, ಕಲೆ–ಕಳೆ. ಬಿಡಿ ಶಬ್ದ ಅಲ್ಲ, ಎರಡೂ ಹೊಂದೋ ಅಂಥ ವಾಕ್ಯದಾಗ ಹಾಕಿರ್ತೀನಿ, "ಅವ್ವ ಬೇಳೆ ತಂದ್ಲು", "ಅವ ಕಾಳು ನೋಡ್ದ" ಅನ್ನೋ ಹಂಗ. ಯಾಕಂದ್ರ "ಕಾಡಿನ ಹುಲಿ" ಅಂತ ಬರದ್ರ ಕಿವಿ ಕೇಳದಿದ್ರೂ ತಲಿ ಊಹಾ ಮಾಡಿಬಿಡ್ತದ. ಹುಡುಗಿ ಒಂದು ವಾಕ್ಯ ಒಂದೇ ಸಲ ಕೇಳಿ ಟೈಪ್ ಮಾಡ್ಬೇಕು, ಟೈಪ್ ಬರದವರು ಬ್ರೈಲ್ ಸ್ಲೇಟಿನಾಗ ಚುಚ್ಚಿದ್ರೂ ನಡೀತದ.

ಈಕೀಗೆ 25 ರಿಂದ ಸುರು ಮಾಡ್ದೆ. NVDA+Ctrl+ಮ್ಯಾಲಿನ ಬಾಣ ಒತ್ತಿದ್ರ ಸ್ಪೀಡು ಐದೈದು ಏರ್ತದ (ಲ್ಯಾಪ್‌ಟಾಪ್ ಲೇಔಟ್ ಇದ್ರ ಜೊತೀಗೆ Shift ಹಿಡೀಬೇಕು). 35ರ ತನಕ ಎಲ್ಲಾ ಸರಿ ಬರದ್ಲು. 40ಕ್ಕ ಕಾಲು ಮತ್ತ ಕಾಳು ಅದಲು ಬದಲು ಆತು. 50ಕ್ಕ ಹಳ್ಳಿ ಎಲ್ಲಾ ಹಳಿ ಆದ್ವು. ಆದ್ರ ಅದೇ 50ರಾಗ ಇತಿಹಾಸದ ಒಂದು ಪ್ಯಾರಾ, ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥಾದ್ದು, ಕೇಳಿಸಿ ಏನು ತಿಳೀತು ಹೇಳವ್ವ ಅಂದ್ರ ಪಟಪಟ ಹೇಳಿದ್ಲು. ಇಲ್ಲೇ ಟೀಚರ್ಸ್ ಮೋಸ ಹೋಗೋದು. ತಾತ್ಪರ್ಯ ಹೇಳ್ತಾಳ ಅಂದ್ರ ಸ್ಪೀಡು ಹೊಂದ್ಯದ ಅಂತಲ್ಲ. ಪುಸ್ತಕ ಕಣ್ಣಿಂದ ನೋಡದ ಹುಡುಗ್ರಿಗೆ ಸ್ಪೆಲ್ಲಿಂಗ್ ಕಲಿಯೋ ದಾರಿ ಕಿವಿ ಮತ್ತ ಬ್ರೈಲ್ ಎರಡೇ, ಈಕಿ ಬ್ರೈಲ್ ಓದೋದೂ ಕಡಿಮಿ ಮಾಡಿದ್ಲು, ಹಿಂಗಾಗಿ ಕಿವಿಗೆ ಹಳಿ ಅಂತ ಬಿದ್ದದ್ದು ಕೈಯಾಗೂ ಹಳಿ ಅಂತನೇ ಬರ್ತದ.

ಮತ್ತೊಂದು ಗುರುತು ನೋಡ್ತೀನಿ, ಹಿಂದಕ್ಕ ಎಷ್ಟು ಸಲ ಹೋಗ್ತಾರ ಅಂತ. ಬಾಜೂಕ ಕುಂತು ಕೀ ಸಪ್ಪಳ ಕೇಳಿದ್ರ ಸಾಕು. 50ರಾಗ ಆಕಿ ಒಂದು ಸಾಲು ಕೇಳಿ ಮತ್ತ ಮ್ಯಾಲಿನ ಬಾಣ, ಮತ್ತ ಕೆಳಗ, ಮತ್ತ ಮ್ಯಾಲ. ಅದೇ ಪ್ಯಾರಾ 35ರಾಗ ಒಂದೇ ಗುಕ್ಕಿನಾಗ ಮುಗಿಸಿದ್ಲು, ಫೋನಿನಾಗ ಟೈಮ್ ಹಚ್ಚಿ ನೋಡಿದ್ರ 35ರಾಗೇ ಲಗೂ ಮುಗಿದಿತ್ತು! ಆಕೀಗೂ ಅದನ್ನ ತೋರಿಸ್ದೆ, ಇಲ್ಲಂದ್ರ "ನನ್ನ ಗೆಳತಿ 60ರಾಗ ಕೇಳ್ತಾಳ್ರಿ ಸರ್" ಅಂತ ಪೈಪೋಟಿ ಸುರು ಆಗ್ತದ.

ಅದೇ ಡಿಕ್ಟೇಶನ್ ಫೋನಿನ ಇಂಪಾದ ದನಿಯಾಗೂ ಮಾಡಿಸ್ದೆ. ಆಕಿ ರೂಢಿ ಇದ್ದ ನಿಧಾನ ಸ್ಪೀಡಿನಾಗ ಲ-ಳ ಈಸ್ಪೀಕ್‌ಗಿಂತ ಸ್ವಚ್ಛ ಕೇಳಿಸ್ತು, ಅದನ್ನ ಒಪ್ಪಬೇಕು. ಸ್ಪೀಡು ಏರಿಸ್ಕೋತ ಹೋದಂಗ ಮಾತ್ರ ಶಬ್ದದ ತುದಿ ನುಂಗಾಕ ಹತ್ತಿತು, "ಹೋಗಿದ್ದ" ಮತ್ತ "ಹೋಗಿದ್ದೆ" ಗೊತ್ತಾಗ್ಲಿಲ್ಲ. ಅದಕ್ಕ ನಾವು ಮಾಡ್ಕೊಂಡ ಹಂಚಿಕೆ ಹಿಂಗ: ಕಥಿ, ಪೇಪರ್, ರಾತ್ರಿ ಮಲಗಿ ಕೇಳೋದು ಫೋನಿನ ದನಿ. ಅಭ್ಯಾಸ, ಟೈಪಿಂಗ್, ತಿದ್ದೋದು ಈಸ್ಪೀಕ್. ತಲಿನೋವು ಅಂದದ್ದಕ್ಕ ಇನ್‌ಫ್ಲೆಕ್ಷನ್ ಅಂದ್ರ ದನಿ ಏರಿಳಿತ ಚೂರು ಇಳಿಸಿ, ವೇರಿಯಂಟ್ ಒಂದೊಂದೇ ಬದಲಾಯಿಸಿ ಆಕಿಗೇ ಆರಿಸಾಕ ಬಿಟ್ಟೆ. ವೇರಿಯಂಟ್ ಬದಲಾದ್ರ ದನಿ ಗಂಡು, ಹೆಣ್ಣು, ದಪ್ಪ, ಸಣ್ಣ ಆಗ್ತದ. ಒಂದು ಮಾತು, ದನಿ ಬದಲಾಯಿಸಿದ ದಿನ ಸ್ಪೀಡು ಮುಟ್ಟಬಾರ್ದು, ಸ್ಪೀಡು ಬದಲಾಯಿಸಿದ ದಿನ ದನಿ ಮುಟ್ಟಬಾರ್ದು, ಎರಡೂ ಕೂಡಿಸಿದ್ರ ತೊಂದ್ರಿ ಯಾವುದರಿಂದ ಅಂತ ಗೊತ್ತಾಗಂಗಿಲ್ಲ.

35 ಅಂದ್ರ ಓದಾಕ ಸರಿ, ಆದ್ರ ಫೋಲ್ಡರ್, ಮೆನುದಾಗ ಓಡಾಡಾಕ ಅದು ಭಾಳ ನಿಧಾನ. ಅಲ್ಲಿ ಮೊದಲ ಎರಡು ಅಕ್ಷರ ಕೇಳಿದ್ರ ಸಾಕು, ಮುಂದ ಹೋಗಬಹುದು. ಇದಕ್ಕ ಎನ್‌ವಿಡಿಎದಾಗ ಪ್ರೊಫೈಲ್ ಅನ್ನೋದು ಅದ. NVDA+Ctrl+P ಒತ್ತಿ ಹೊಸ ಪ್ರೊಫೈಲ್ ಮಾಡುವಾಗ ಅದು ಯಾವಾಗ ನಡೀಬೇಕು ಅಂತ ಕೇಳ್ತದ, ಅಲ್ಲಿ Say all ಆರಿಸಿದ್ರ ಒಂದೇ ಸಮ ಓದಿಸಿದಾಗ ಮಾತ್ರ ಆ ಸ್ಪೀಡು ಬರ್ತದ. ನಾವು ಸಾದಾ ಸ್ಪೀಡು 55 ಇಟ್ಟು, ಈ ಪ್ರೊಫೈಲಿನಾಗ 35 ಇಟ್ವಿ. ಪ್ರೊಫೈಲ್ ಮಾಡಿದ ಮ್ಯಾಲೆ ತಿದ್ದಾಕ ಈಗ ಕೈಯಿಂದ ಚಾಲೂ ಮಾಡ್ಲೇನು ಅಂತ ಕೇಳ್ತದ, ಹೂಂ ಅಂದು ಸ್ಪೀಡು ಇಳಿಸಿ, NVDA+Ctrl+C ಒತ್ತಿ ಸೇವ್ ಮಾಡಿ, ಆಮ್ಯಾಲೆ ಮರೀದಂಗ ಅದನ್ನ ಬಂದ್ ಮಾಡ್ಬೇಕು. ಮೆನೂನೂ ನಿಧಾನ ಆಗಿದ್ರ ಅದು ಇನ್ನೂ ಚಾಲೂ ಅದ ಅಂತನೇ. ಸಾಲು ಸಾಲು ಬಾಣದಿಂದ ಓದಿದ್ರ ಮಾತ್ರ ಈ ಪ್ರೊಫೈಲ್ ಹತ್ತಂಗಿಲ್ಲ, 55 ರಾಗೇ ಓದ್ತದ, ಅಕ್ಷರ ನೋಡ್ಕೋತ ತಿದ್ದುವಾಗ ಆಕಿ ಕೈಯಿಂದನೇ ಇಳಸ್ತಾಳ.

ಇಂಗ್ಲಿಷ್ ಪೇಪರಿಗೆ ಬ್ಯಾರೆ ವ್ಯವಸ್ಥಾ ಮಾಡಿದ್ವಿ. ಈಸ್ಪೀಕಿನ ಇಂಗ್ಲಿಷ್ ಉಚ್ಚಾರ ಕನ್ನಡ ಮೀಡಿಯಂ ಹುಡುಗ್ರಿಗೆ ತಿಳಿಯೋದು ಕಷ್ಟ, ಮತ್ತ ಈಸ್ಪೀಕಿನಾಗ ಎರಡೂ ಭಾಷೆಗೆ ಸ್ಪೀಡು ಒಂದೇ. ಒನ್‌ಕೋರಿನಾಗ ಹೀರಾ, ರವಿ ಅಂತ ಭಾರತದ ಇಂಗ್ಲಿಷ್ ದನಿ ಅದಾವ, ವಿಂಡೋಸ್ ಸೆಟ್ಟಿಂಗಿನಾಗ ಸ್ಪೀಚ್ ಒಳಗ ಹಾಕ್ಕೋಬೇಕು. ಸಿಂತಸೈಜರ್, ಅಂದ್ರ ದನಿ ಹುಟ್ಟಿಸೋ ಸಾಫ್ಟ್‌ವೇರು, ಬ್ಯಾರೆ ಆದ್ರ ಎನ್‌ವಿಡಿಎ ಸ್ಪೀಡೂ ಬ್ಯಾರೆ ಬ್ಯಾರೆ ನೆನಪಿಡ್ತದ. ಇಂಗ್ಲಿಷ್ ಅಂತ ಕೈಯಿಂದ ಚಾಲೂ ಮಾಡೋ ಪ್ರೊಫೈಲ್ ಮಾಡಿ, ಅದ್ರಾಗ ಹೀರಾ ಹಾಕಿ, ಕನ್ನಡದ್ದಕ್ಕಿಂತ ನಿಧಾನ ಇಟ್ಟು, ಒಂದು ಶಾರ್ಟ್‌ಕಟ್ ಕೊಟ್ವಿ. ಅದ್ರಾಗ ಕನ್ನಡ ಸಾಲು ಬಂದ್ರ ಸುಮ್ನಾಗ್ತದ ಅನ್ನೋದು ಆಕೀಗೆ ಮೊದ್ಲೇ ಹೇಳೀನಿ.

ಇಷ್ಟೆಲ್ಲಾ ಮಾಡಿ ಲ್ಯಾಬಿನ ಕಂಪ್ಯೂಟರ್‌ನಾಗ ಬಿಟ್ರ ಮರುದಿನ ಇನ್ನೊಬ್ಬ ಹುಡುಗ ಬಂದು ಬದಲಾಯಿಸಿರ್ತಾನ. ಅದಕ್ಕ ಪೆನ್‌ಡ್ರೈವಿನಾಗ ಎನ್‌ವಿಡಿಎ ಪೋರ್ಟಬಲ್ ಕಾಪಿ ಮಾಡಿ ಕೊಟ್ಟೀನಿ, ಆಕಿ ದನಿ, ಸ್ಪೀಡು, ಪ್ರೊಫೈಲ್ ಎಲ್ಲಾ ಅದ್ರಾಗ ಇರ್ತಾವ, ಕಾಪಿ ಮಾಡುವಾಗ ಈಗಿನ ಸೆಟ್ಟಿಂಗ್ ಸೇರಿಸು ಅನ್ನೋ ಚೆಕ್‌ಬಾಕ್ಸ್ ಹಚ್ಚಬೇಕು ಅಷ್ಟ. ಹೀರಾ ಮಾತ್ರ ವಿಂಡೋಸಿನ ದನಿ, ಆ ಕಂಪ್ಯೂಟರ್‌ನಾಗ ಇದ್ರ ಬರ್ತಾಳ. ಹೆಡ್‌ಫೋನ್ ವೈರಿಂದೇ ಇರ್ಲಿ, ಬ್ಲೂಟೂತ್ ಭಾಳ ಸಲ ಶಬ್ದದ ಮೊದಲ ಅಕ್ಷರ ತಿನ್ತದ, ಹುಡುಗ್ರು ಸ್ಪೀಡಿನ ಮ್ಯಾಲೆ ತಪ್ಪು ಹಾಕ್ತಾರ.

ತಿಂಗಳಿಗೊಮ್ಮೆ ಜೋಡಿ ಶಬ್ದ ಬದಲಾಯಿಸಿ ಮತ್ತ ಡಿಕ್ಟೇಶನ್ ಕೊಡ್ತೀನಿ, ತಪ್ಪಿಲ್ಲದಿದ್ರ ಐದು ಏರಿಸೋದು, ಸೂಟಿ ಮುಗಿಸಿ ಬಂದಾಗ ಐದು ಇಳಿಸೋದು. ಈಗ ಓದೋದು 45ಕ್ಕ ಬಂದದ, ಲ-ಳ ಕಿವಿಗೆ ಹೊಂದ್ಯಾವ. ಹಳಗನ್ನಡದ ಪದ್ಯಕ್ಕ ಮಾತ್ರ ಈಸ್ಪೀಕ್ 20ಕ್ಕ ಇಳಿಸಿದ್ರೂ ಉಪಯೋಗಕ್ಕ ಬರ್ಲಿಲ್ಲ, ಪದ ಎಲ್ಲಿ ಒಡೀಬೇಕು ಅನ್ನೋದೇ ಅದಕ್ಕ ತಿಳಿಯಂಗಿಲ್ಲ. ಅವನ್ನ ಅವರ ಕನ್ನಡ ಮೇಡಂ ಫೋನಿನಾಗ ಓದಿ ರೆಕಾರ್ಡ್ ಮಾಡಿ ಕಳಸ್ತಾರ.